ಕ್ಲೌಡ್ ಭಾಷಣ ಕೇಳಿ ಎರಡು ಸೆಮಿಸ್ಟರ್ ಆದ ಮೇಲೆ: ದಾರಿ ಚೆನ್ನಾಗಿದೆ, ಬ್ಯಾಂಕ್ ಕಾರ್ಡಿನ ವಿಷಯ ಬಿಟ್ಟುಬಿಟ್ಟರು

ನಮ್ಮ ಟೆಕ್ನಿಕಲ್ ಕ್ಲಬ್‌ನ ಹೆಡ್ ವರ್ಷದ ಮೊದಲ ಮೀಟಿಂಗ್‌ನಲ್ಲಿ ಕ್ಲೌಡ್, ಅಂದರೆ ಇಂಟರ್ನೆಟ್ ಮೂಲಕ ಬಾಡಿಗೆಗೆ ಸಿಗುವ ಸರ್ವರ್‌ಗಳ ಕೆಲಸಗಳ ಬಗ್ಗೆ ಮಾತಾಡಿದರು. ಕೊನೆಗೆ ದುಡ್ಡು ಕೊಡದೆ ಕಲಿಯುವ ದಾರಿಯೊಂದನ್ನು ಸ್ಲೈಡ್‌ನಲ್ಲಿ ತೋರಿಸಿದರು. ಆ ದಾರಿ ಹಿಡಿದು ಎರಡು ಸೆಮಿಸ್ಟರ್ ಆಯಿತು. ನಾನು ಇಲ್ಲಿ ಬರೆಯುತ್ತಿರುವುದು ಆ ದಾರಿಯ ವಿಮರ್ಶೆ. ಮೊದಲು ಕೋರ್ಸ್‌ಗಳ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಅಮೆಜಾನ್‌ನ ಕ್ಲೌಡ್ ಎಡಬ್ಲ್ಯುಎಸ್, ಅದರ ಕಲಿಕೆಯ ಸೈಟ್ ಸ್ಕಿಲ್ ಬಿಲ್ಡರ್‌ನಲ್ಲಿ ಕ್ಲೌಡ್ ಪ್ರಾಕ್ಟೀಷನರ್ ಎಸೆನ್ಷಿಯಲ್ಸ್; ಮೈಕ್ರೋಸಾಫ್ಟ್‌ನ ಕ್ಲೌಡ್ ಅಜೂರ್, ಅದರ AZ-900 ಪರೀಕ್ಷೆಯ ಪಾಠಗಳು ಮೈಕ್ರೋಸಾಫ್ಟ್ ಲರ್ನ್‌ನಲ್ಲಿ, ಎರಡೂ ಫ್ರೀ. ಮೊದಲನೆಯದು ವಿಡಿಯೋ, ಎರಡನೆಯದು ಹೆಚ್ಚಾಗಿ ಓದುವುದು. ನನಗೆ ಓದುವುದೇ ಹಿಡಿಸಿತು, ಬಸ್ಸಿನಲ್ಲೂ ಮುಗಿಯುತ್ತೆ.

ಭಾಷಣದಲ್ಲಿ ನನ್ನನ್ನು ಹಿಡಿದಿಟ್ಟಿದ್ದು ಬೇರೆ ಮಾತು. ಸಪೋರ್ಟ್, ಆಪರೇಷನ್ಸ್, ಡೆವಾಪ್ಸ್, ಸೆಕ್ಯುರಿಟಿ ಅಂತ ಕೆಲಸಗಳ ಹೆಸರು ಹೇಳಿ ಅವರು ನಿಲ್ಲಿಸಲಿಲ್ಲ. "ಸೈಟ್ ತೆರೆಯುತ್ತಿಲ್ಲ ಅಂತ ಒಬ್ಬರು ಫೋನ್ ಮಾಡ್ತಾರೆ. ನೀವು ಮೊದಲು ಏನು ನೋಡ್ತೀರಿ?" ಅಂತ ಕೇಳಿದರು. ಯಾರೂ ಬಾಯಿ ಬಿಡಲಿಲ್ಲ. ಇದಕ್ಕೆ ಉತ್ತರ ಗೊತ್ತಿಲ್ಲದಿದ್ದರೆ ಯಾವ ಬ್ಯಾಡ್ಜ್ ಇದ್ದರೂ ಕೆಲಸಕ್ಕೆ ಬರಲ್ಲ ಎಂದರು. ಆಮೇಲೆ ಒಂದೇ ಒಂದು ಅಭ್ಯಾಸ ಕೊಟ್ಟರು: ಒಂದು ಸಣ್ಣ ಸರ್ವರ್ ಮಾಡಿ, ಅದರಲ್ಲಿ ಒಂದು ಪುಟ ತೆರೆಯುವಂತೆ ಮಾಡಿ, ಕೂತಲ್ಲಿಂದ ಏಳುವ ಮೊದಲು ಎಲ್ಲವನ್ನೂ ಅಳಿಸಿ. ಮುಂದಿನ ಸಲ ಮತ್ತೆ ಮೊದಲಿಂದ.

ಈಗಲೂ ನಾನು ಬಿಡದೆ ಮಾಡುವುದು ಇದನ್ನೇ. ರಾತ್ರಿ ಊಟ ಆದ ಮೇಲೆ ಲ್ಯಾಪ್‌ಟಾಪ್ ತೆಗೆಯುತ್ತೇನೆ. ಲಿನಕ್ಸ್ ಸರ್ವರ್ ಒಂದನ್ನು ಶುರು ಮಾಡಿ, ಒಳಗೆ ಹೋಗಲು ಪಾಸ್‌ವರ್ಡ್ ಬದಲು ಬೇಕಾಗುವ ಕೀ ಫೈಲ್ ಇಳಿಸಿಕೊಳ್ಳುತ್ತೇನೆ. ಎಡಬ್ಲ್ಯುಎಸ್‌ನಲ್ಲಿದ್ದಾಗ ಇಷ್ಟು ಟೈಪ್ ಮಾಡುತ್ತಿದ್ದೆ:

```
chmod 400 lab.pem
ssh -i lab.pem ec2-user@SERVER_IP
sudo dnf install -y nginx
sudo systemctl start nginx
```

SERVER_IP ಜಾಗಕ್ಕೆ ಸರ್ವರ್‌ನ ಐಪಿ, ಅಂದರೆ ಅದರ ಇಂಟರ್ನೆಟ್ ವಿಳಾಸ. ಕೀ ಫೈಲನ್ನು ಬೇರೆಯವರು ಓದದಂತೆ ಮಾಡಿ, ssh ಮೂಲಕ ಸರ್ವರ್ ಒಳಗೆ ಹೋಗಿ, ವೆಬ್ ಪುಟ ಕಳಿಸುವ nginx ಪ್ರೋಗ್ರಾಮ್ ಹಾಕಿ ಓಡಿಸುವುದು. ಎಲ್ಲ ಸರಿಯಾದರೆ ಐದು ನಿಮಿಷದ ಕೆಲಸ. ಪಾಠ ಇರುವುದು ಸರಿಯಾಗದ ದಿನ. `Connection timed out` ಅಂತ ಬಂದರೆ ಸಾಮಾನ್ಯವಾಗಿ ಸರ್ವರ್‌ವರೆಗೆ ನಾವು ಮುಟ್ಟಿಯೇ ಇಲ್ಲ. ದಾರಿಯಲ್ಲಿ ಫೈರ್‌ವಾಲ್ ತಡೆದಿದೆ, ಅಥವಾ ಐಪಿ ತಪ್ಪಿದೆ. `Connection refused` ಅಂತ ಬಂದರೆ ಹೆಚ್ಚಿನ ಸಲ ಸರ್ವರ್ ಮುಟ್ಟಿದ್ದೇವೆ, ಆದರೆ ಆ ಪೋರ್ಟ್‌ನಲ್ಲಿ, ಅಂದರೆ ಸರ್ವರ್‌ನ ಆ ನಂಬರಿನ ಬಾಗಿಲಲ್ಲಿ, ಕೇಳುತ್ತಾ ಕೂತ ಪ್ರೋಗ್ರಾಮ್ ಇಲ್ಲ. `Permission denied (publickey)` ಬಂದರೆ ದಾರಿಯೂ ಸರಿ, ಪ್ರೋಗ್ರಾಮೂ ಸರಿ. ತಪ್ಪಿರುವುದು ಕೀ ಅಥವಾ ಯೂಸರ್ ಹೆಸರು. ಅಮೆಜಾನ್ ಲಿನಕ್ಸ್‌ಗೆ `ec2-user`, ಉಬುಂಟುಗೆ `ubuntu`.

ಬ್ರೌಸರ್‌ನಲ್ಲೂ ಇದೇ ಲೆಕ್ಕ. ಪುಟ ಸುಮ್ನೆ ಸುತ್ತುತ್ತಾ ಇದ್ದರೆ ಸೆಕ್ಯುರಿಟಿ ಗ್ರೂಪ್ ಅನ್ನುವ ಎಡಬ್ಲ್ಯುಎಸ್ ಫೈರ್‌ವಾಲ್‌ನಲ್ಲಿ ವೆಬ್ ಪುಟದ 80ನೇ ಪೋರ್ಟ್ ತೆರೆದಿಲ್ಲ. ತಕ್ಷಣ ನಿರಾಕರಿಸಿದರೆ nginx ಓಡುತ್ತಿಲ್ಲ. ಒಂದು ರಾತ್ರಿ ಸರ್ವರ್ ಅಳಿಸದೆ ಬೇಕೆಂದೇ ಬಿಟ್ಟಿದ್ದೆ. ಮರುದಿನ ಅದಕ್ಕೇ SSH ಮಾಡಿದರೆ ಟೈಮ್ಔಟ್. ನಾನು ಏನನ್ನೂ ಮುಟ್ಟಿರಲಿಲ್ಲ. ಬದಲಾಗಿದ್ದು ನನ್ನ ಮೊಬೈಲ್ ಹಾಟ್‌ಸ್ಪಾಟ್‌ನ ಐಪಿ. ಫೈರ್‌ವಾಲ್ ನಿಯಮದಲ್ಲಿ `My IP` ಅಂತ ಆರಿಸಿದರೆ ಆ ಕ್ಷಣದ ಐಪಿ ಮಾತ್ರ ಬರೆದುಕೊಳ್ಳುತ್ತದೆ. ನಿಯಮ ತಿದ್ದಿದ ಕೂಡಲೇ ಒಳಗೆ ಹೋದೆ. ಕ್ಲಬ್ ಹೆಡ್ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಆ ರಾತ್ರಿ. ಮೊದಲು ಎರರ್ ಯಾವ ಬಗೆಯದು ಅಂತ ನೋಡಬೇಕು, ಆಗ ಅರ್ಧ ಜಾಗ ಹುಡುಕುವುದೇ ತಪ್ಪುತ್ತದೆ. ಯಾವ ವಿಡಿಯೋದಲ್ಲೂ ಇದು ಇಷ್ಟು ತಲೆಗೆ ಹೋಗಿರಲಿಲ್ಲ.

ಇಲ್ಲಿಯವರೆಗೆ ಪೂರ್ತಿ ಅಂಕ ಕೊಡುತ್ತೇನೆ. ನನಗೆ ಬೇಸರವಾಗಿದ್ದು ದುಡ್ಡಿನ ಸ್ಲೈಡ್ ನೋಡಿ.

ಅದರಲ್ಲಿ "12 ತಿಂಗಳು ಫ್ರೀ" ಅಂತ ಇತ್ತು. ಅದು ಹಳೇ ಲೆಕ್ಕ. 2025ರ ಜುಲೈ 15ರಿಂದ ಎಡಬ್ಲ್ಯುಎಸ್‌ನಲ್ಲಿ ಹೊಸದಾಗಿ ಖಾತೆ ತೆರೆದವರಿಗೆ ಮೊದಲು 100 ಡಾಲರ್ ಕ್ರೆಡಿಟ್ ಸಿಗುತ್ತದೆ, ಕೆಲವು ಸಣ್ಣ ಕೆಲಸ ಮಾಡಿ ತೋರಿಸಿದರೆ ಇನ್ನೂ 100 ಡಾಲರ್‌ವರೆಗೆ ಸೇರುತ್ತದೆ. ಬಜೆಟ್ ಹಾಕಿಕೊಳ್ಳುವುದೂ ಆ ಕೆಲಸಗಳಲ್ಲಿ ಒಂದು. ಫ್ರೀ ಪ್ಲಾನ್ 6 ತಿಂಗಳಿಗೆ ಅಥವಾ ಕ್ರೆಡಿಟ್ ಖಾಲಿಯಾದಾಗ, ಯಾವುದು ಮೊದಲೋ ಅಲ್ಲಿಗೆ ಮುಗಿಯುತ್ತದೆ. ಒಂದು ವರ್ಷ ಇದೆ ಅಂತ ನಿಧಾನ ಮಾಡಿದವರಿಗೆ ನಷ್ಟ ಅಲ್ವಾ? ಸ್ಲೈಡ್ ತೋರಿಸುವ ಮೊದಲು ಒಮ್ಮೆ ನೋಡಿಕೊಳ್ಳಬಹುದಿತ್ತು.

ಅದಕ್ಕಿಂತ ದೊಡ್ಡ ಕೊರತೆ ಕಾರ್ಡಿನದು. ಎಡಬ್ಲ್ಯುಎಸ್ ಖಾತೆ ತೆರೆಯುವಾಗ ಬ್ಯಾಂಕ್ ಕಾರ್ಡ್ ಕೇಳುತ್ತದೆ. ನನ್ನ ಪಕ್ಕ ಕೂತಿದ್ದ ಗೆಳತಿ ಆ ಪುಟಕ್ಕೇ ನಿಲ್ಲಿಸಿದಳು, ಅವಳ ಮನೆಯಲ್ಲಿ ಯಾರ ಹತ್ತಿರವೂ ಅಂಥ ಕಾರ್ಡ್ ಇಲ್ಲ. ನಾನು ಅಣ್ಣನ ಕಾರ್ಡ್ ಹಾಕಿದೆ. ಫ್ರೀ ಪ್ಲಾನ್‌ನಲ್ಲಿ ಖರ್ಚು ಕ್ರೆಡಿಟ್‌ನಿಂದಲೇ ಹೋಗುತ್ತದೆ, ಆದರೂ ಅವನ ಕಾರ್ಡ್ ಅನ್ನುವ ಭಯಕ್ಕೆ ಅಳಿಸುವ ಕೆಲಸವನ್ನು ಇನ್ನೂ ಜಾಸ್ತಿ ಗಮನದಿಂದ ಮಾಡತೊಡಗಿದೆ. ಬಜೆಟ್ ಅಲರ್ಟ್ ಹಾಕಿದರೆ ಸಾಕು ಎಂದು ಭಾಷಣದಲ್ಲಿ ಹೇಳಿದ್ದರು. ಸಾಲದು. ಅಲರ್ಟ್ ಅನ್ನುವುದು ಹಾರ್ನ್, ಬ್ರೇಕ್ ಅಲ್ಲ. ಅದು ಮೇಲ್ ಕಳಿಸುತ್ತದೆ, ತಾನಾಗಿ ಏನನ್ನೂ ನಿಲ್ಲಿಸುವುದಿಲ್ಲ. ಖರ್ಚಿನ ಲೆಕ್ಕ ಬರುವುದೂ ಕೆಲವು ಗಂಟೆ ತಡವಾಗಿ.

ಸರ್ವರ್ ನಿಲ್ಲಿಸಿದರೂ ಡಿಸ್ಕಿನ ಲೆಕ್ಕ ಓಡುತ್ತಲೇ ಇರುತ್ತದೆ. ಎಲಾಸ್ಟಿಕ್ ಐಪಿ ಅನ್ನುವ ಬದಲಾಗದ ವಿಳಾಸ ತೆಗೆದುಕೊಂಡಿದ್ದರೆ ಸರ್ವರ್ ಅಳಿಸಿದರೂ ಅದು ಉಳಿಯುತ್ತದೆ. ಎಡಬ್ಲ್ಯುಎಸ್‌ನಲ್ಲಿ 2024ರ ಫೆಬ್ರವರಿಯಿಂದ ಪಬ್ಲಿಕ್ ಐಪಿವಿ4 ವಿಳಾಸಕ್ಕೆ ಗಂಟೆಗೆ 0.005 ಡಾಲರ್. ಕಣ್ಣಿಗೆ ಏನೂ ಅನ್ನಿಸುವುದಿಲ್ಲ. 30 ದಿನ ಮರೆತರೆ 720 ಗಂಟೆ, ಅಂದರೆ 3.6 ಡಾಲರ್. ಅದಕ್ಕೇ ಅಲ್ಲಿ ನನ್ನ ರಾತ್ರಿಯ ಕೊನೆಯ ಸುತ್ತು ಹೀಗಿತ್ತು: ಮೊದಲು ಸರ್ವರ್, ಆಮೇಲೆ ಡಿಸ್ಕ್, ಆಮೇಲೆ ಐಪಿ, ಕೊನೆಗೆ ಮೇಲ್ಗಡೆ ಬಲಮೂಲೆಯಲ್ಲಿ ಯಾವ ರೀಜನ್, ಅಂದರೆ ಯಾವ ಜಾಗದ ಡೇಟಾ ಸೆಂಟರ್‌ಗಳು ಅಂತ. ಬೇರೆ ರೀಜನ್‌ನಲ್ಲಿದ್ದರೆ ಪಟ್ಟಿ ಖಾಲಿ ಕಾಣಿಸುತ್ತದೆ. ಅಳಿಸಿಯಾಯಿತು ಅಂದುಕೊಂಡು ಮಲಗಿದರೆ ಅಲ್ಲಿ ಸರ್ವರ್ ಓಡುತ್ತಲೇ ಇರುತ್ತದೆ.

ಫ್ರೀ ಪ್ಲಾನ್ ಮುಗಿದ ಮೇಲೆ ನಾನು ಅಜೂರ್ ಫಾರ್ ಸ್ಟೂಡೆಂಟ್ಸ್‌ಗೆ ಹೋದೆ. ಇದನ್ನು ಭಾಷಣದಲ್ಲಿ ಮೊದಲು ಹೇಳಬೇಕಿತ್ತು. ಕಾರ್ಡ್ ಬೇಡ. 18 ವರ್ಷ ಆಗಿರಬೇಕು, ವಿದ್ಯಾರ್ಥಿ ಅಂತ ಕಾಲೇಜಿನ ಇಮೇಲ್‌ನಿಂದ ತೋರಿಸಬೇಕು, ಅಷ್ಟೇ. 12 ತಿಂಗಳಿಗೆ 100 ಡಾಲರ್ ಕ್ರೆಡಿಟ್. ಗೆಳತಿಯೂ ಈಗ ಇದರಲ್ಲೇ ಕಲಿಯುತ್ತಿದ್ದಾಳೆ. ಇಲ್ಲಿ ಎಲ್ಲವನ್ನೂ ಒಂದು ರಿಸೋರ್ಸ್ ಗ್ರೂಪ್‌ನಲ್ಲಿ ಹಾಕಿದರೆ, ಆ ಗ್ರೂಪ್ ಅಳಿಸಿದಾಗ ಡಿಸ್ಕ್, ಐಪಿ ಎಲ್ಲ ಒಟ್ಟಿಗೆ ಹೋಗುತ್ತವೆ. ನನ್ನ ರಾತ್ರಿಯ ಸುತ್ತು ಒಂದೇ ಕೆಲಸಕ್ಕೆ ಇಳಿಯಿತು, ಬಹಳ ಖುಷಿಯಾಯಿತು. ಒಂದು ಎಚ್ಚರ ಬೇಕು. ಸರ್ವರ್ ಒಳಗಿಂದ shutdown ಕೊಟ್ಟರೆ ಪೋರ್ಟಲ್‌ನಲ್ಲಿ `Stopped` ಅಂತ ಕಾಣುತ್ತದೆ, ಆದರೂ ಸರ್ವರ್‌ನ ಲೆಕ್ಕ ನಿಲ್ಲುವುದಿಲ್ಲ. `Stopped (deallocated)` ಅಂತ ಕಾಣಬೇಕು. ಅದಕ್ಕೆ ಸರ್ವರ್ ಒಳಗಿಂದ ಅಲ್ಲ, ಪೋರ್ಟಲ್‌ನಿಂದ ನಿಲ್ಲಿಸಬೇಕು.

ಸರ್ಟಿಫಿಕೇಟ್ ಬಗ್ಗೆ ಭಾಷಣದಲ್ಲಿ ಜಾಸ್ತಿಯೇ ಹೇಳಿದರು. ಪಾಠ ಫ್ರೀ, ಪರೀಕ್ಷೆ ಅಲ್ಲ. ಎಡಬ್ಲ್ಯುಎಸ್ ಕ್ಲೌಡ್ ಪ್ರಾಕ್ಟೀಷನರ್ ಪರೀಕ್ಷೆಗೆ 100 ಡಾಲರ್, 90 ನಿಮಿಷ, 65 ಪ್ರಶ್ನೆ. ಎಲ್ಲ ಆಯ್ಕೆ ಮಾಡುವ ಪ್ರಶ್ನೆಗಳೇ, ಕೈಯಿಂದ ಸರ್ವರ್ ಮುಟ್ಟುವ ಪ್ರಶ್ನೆ ಒಂದೂ ಇಲ್ಲ. ನನ್ನ ಕೈಲಿರುವ ದುಡ್ಡಿಗೆ ಅದು ಈಗ ಬೇಡ. ಅದರ ಬದಲು ಯಾವ ಎರರ್‌ಗೆ ಏನು ಕಾರಣವಿತ್ತು ಅಂತ ಬರೆದಿಟ್ಟ ನೋಟ್ಸನ್ನು ಗಿಟ್‌ಹಬ್‌ನಲ್ಲಿ ಹಾಕಿದ್ದೇನೆ. ಕಂಪನಿಯೇ ಪರೀಕ್ಷೆಯ ಶುಲ್ಕ ಕೊಡುತ್ತದೆ ಅನ್ನುವವರು ಬರೆಯಲಿ.

ನನ್ನ ತೀರ್ಪು: ಐದಕ್ಕೆ ನಾಲ್ಕು. ಕಡಿಮೆಯಾದ ಒಂದು ಅಂಕ ಆ ದುಡ್ಡಿನ ಸ್ಲೈಡ್‌ನದು. ಹೊಸಬರು ಕಾರ್ಡ್ ಬೇಡದ ಖಾತೆಯಿಂದ ಶುರು ಮಾಡಿ. ಎಡಬ್ಲ್ಯುಎಸ್‌ನ 6 ತಿಂಗಳನ್ನು, ಲಿನಕ್ಸ್ ಕಮಾಂಡ್‌ಗಳು ಕೈಗೆ ಕೂತ ಮೇಲೆ, ರಜೆಯಲ್ಲಿ ಶುರು ಮಾಡಿ. ಕ್ಲಬ್ ಹೆಡ್‌ಗೂ ಇದನ್ನೇ ಹೇಳಿದ್ದೇನೆ. ಈ ವರ್ಷದ ಮೀಟಿಂಗ್‌ನಲ್ಲಿ ಆ ಸ್ಲೈಡನ್ನು ನಾನೇ ಬರೆದು ಕೊಡುತ್ತಿದ್ದೇನೆ.