ಈಜುಕೊಳದ ಫೀಸ್ ಕಟ್ಟುವ ಮುಂಚೆ ಶವರ್ ತಿರುಗಿಸಿ ನೋಡಿ

ಈ ಬೇಸಿಗೆಯಲ್ಲಿ ಮಗಳನ್ನು ಬೆಂಗಳೂರಿನ ಒಂದು ಖಾಸಗಿ ಕೊಳಕ್ಕೆ ಈಜು ಕಲಿಯಲು ಸೇರಿಸಿದ್ದೆವು. ಅಲ್ಲಿ ಶವರ್ ಇತ್ತು, ನೀರು ಮಾತ್ರ ಬರುತ್ತಿರಲಿಲ್ಲ. ಕೇಳಿದಾಗಲೆಲ್ಲ ಮೋಟಾರ್ ರಿಪೇರಿಯ ಕಥೆ. ಒಂದು ಬ್ಯಾಚ್ ಮೇಲೆ ಬರುತ್ತಿದ್ದ ಹಾಗೇ ಇನ್ನೊಂದು ಬ್ಯಾಚ್‌ನ ಮಕ್ಕಳು ಬೆವರಿದ ಮೈಯಲ್ಲೇ ನೀರಿಗೆ ಇಳಿಯುತ್ತಿದ್ದರು. ವಾಸನೆ ಮೂಗಿಗೆ ಹೊಡೆಯುತ್ತಿತ್ತು. "ಕ್ಲೋರಿನ್ ಚೆನ್ನಾಗಿ ಹಾಕಿದೀವಿ ಮೇಡಂ, ಅದಕ್ಕೇ" ಅಂದರು ಕೋಚ್.

ವಿಷಯ ಉಲ್ಟಾ. ಚೆನ್ನಾಗಿ ನೋಡಿಕೊಂಡ ಕೊಳ ಅಷ್ಟು ನಾರುವುದಿಲ್ಲ. ಬೆವರು, ಮೂತ್ರದ ಜೊತೆ ಕ್ಲೋರಿನ್ ಸೇರಿದಾಗ ಕ್ಲೋರಮೈನ್ ಆಗುತ್ತದೆ. ಆ ವಾಸನೆ ಅದರದ್ದು. ಕಣ್ಣು ಉರಿಯುವುದಕ್ಕೆ, ಚರ್ಮ ಕೆರಳುವುದಕ್ಕೂ ಅದು ಕಾರಣ.

ಸ್ವಲ್ಪ ದಿನಕ್ಕೇ ಮಗಳ ಮೊಣಕೈ ಮಡಿಕೆ, ಮೊಣಕಾಲ ಹಿಂದೆ, ಈಜುಡುಗೆಯ ಎಲಾಸ್ಟಿಕ್ ಒತ್ತುವ ಕಡೆ ಚರ್ಮ ಬಿಗಿದು ಬಿಳಿ ಹೊಟ್ಟು ಏಳತೊಡಗಿತು. ರಾತ್ರಿಯೆಲ್ಲ ಕೆರೆತ. ಒದ್ದೆ ಉಡುಗೆಯಲ್ಲೇ ಟ್ರಾಫಿಕ್‌ನಲ್ಲಿ ಕೂತು ಮನೆಗೆ ಬರುವಷ್ಟು ಹೊತ್ತೂ ಕ್ಲೋರಿನ್ ಮೈಮೇಲೇ ಇರುತ್ತಿತ್ತಲ್ಲ! ಚರ್ಮದ ಮೇಲಿನ ಎಣ್ಣೆ ಪದರವನ್ನು ಅದು ತೆಗೆದುಹಾಕುತ್ತದೆ. ಆಮೇಲೆ ಚರ್ಮದಲ್ಲಿ ತೇವ ನಿಲ್ಲುವುದಿಲ್ಲ.

ಚರ್ಮದ ಡಾಕ್ಟರ್ ಹೇಳಿದ ಕ್ರಮ ಬಹಳ ಸರಳ. ನೀರಿಗೆ ಇಳಿಯುವ ಮುಂಚೆ ಒಂದು ನಿಮಿಷ ಸಾದಾ ನೀರಲ್ಲಿ ಮೈ ತೊಳೆಯಬೇಕು, ಕೂದಲನ್ನೂ ಪೂರ್ತಿ ನೆನೆಸಬೇಕು. ಮೊದಲೇ ನೀರು ಕುಡಿದ ಕೂದಲು ಕೊಳದ ನೀರನ್ನು ಕಡಿಮೆ ಹೀರುತ್ತದೆ. ಮಡಿಕೆಗಳಿಗೆ, ಎಲಾಸ್ಟಿಕ್ ಉಜ್ಜುವ ಜಾಗಕ್ಕೆ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ. ಮೈಗೆಲ್ಲ ಕೊಬ್ಬರಿ ಎಣ್ಣೆ ಬಳಿದುಕೊಂಡು ಹೋಗುವುದು ಬೇಡ, ಎಣ್ಣೆ ನೀರಲ್ಲಿ ತೇಲಿ ಫಿಲ್ಟರ್‌ಗೆ ಹೊರೆಯಾಗುತ್ತದೆ.

ಹೊರಗೆ ಬಂದ ತಕ್ಷಣ ಉಡುಗೆ ಬಿಚ್ಚಿ ಉಗುರುಬೆಚ್ಚಗಿನ ನೀರಲ್ಲಿ ಸ್ನಾನ. ಬಿಸಿನೀರು, ಸ್ಕ್ರಬ್ಬರ್, ಕಡಲೆಹಿಟ್ಟು ಯಾವುದೂ ಬೇಡ. ನಮ್ಮ ಬೋರ್‌ವೆಲ್ ಗಡಸು ನೀರಲ್ಲಿ ಮಾಮೂಲಿ ಸೋಪಿನ ಜಿಡ್ಡು ಚರ್ಮದ ಮೇಲೇ ಉಳಿದು ಇನ್ನಷ್ಟು ಒಣಗಿಸುತ್ತದೆ, ಅದಕ್ಕೇ ವಾಸನೆಯಿಲ್ಲದ ಮೃದು ಬಾಡಿ ವಾಶ್ ಬರೆದುಕೊಟ್ಟರು. ಟವೆಲಿಂದ ಉಜ್ಜದೆ ಒತ್ತಿ ಒರೆಸಿ, ಮೈ ಇನ್ನೂ ಪಸೆಯಿರುವಾಗಲೇ ದಪ್ಪನೆಯ ಕ್ರೀಮ್ ಹಚ್ಚಬೇಕು. ನೀರುನೀರಾದ ಲೋಷನ್ ಇದಕ್ಕೆ ಸಾಲದು. ಈಜುಡುಗೆಯನ್ನೂ ಪ್ರತಿ ಸಲ ಸಾದಾ ನೀರಲ್ಲಿ ಜಾಲಾಡಿಸಿ.

ಕೊಳ ಬದಲಾಯಿಸಿದೆವು. ಕಟ್ಟಿದ ದುಡ್ಡು ವಾಪಸ್ ಬರಲಿಲ್ಲ, ಚರ್ಮ ಮಾತ್ರ ಸರಿಹೋಯಿತು.

ಇನ್ನೊಂದು ವಿಷಯ. ಅಂಚು ಕೆಂಪಾಗಿ ಉಂಗುರದ ಹಾಗೆ ಹರಡುವ ಕಲೆ ಬಂದರೆ ಅದು ಬರೀ ಒಣಚರ್ಮ ಇರಲಾರದು, ಹುಳುಕಡ್ಡಿ ಇರಬಹುದು. ಉಡುಗೆ ಮುಚ್ಚುವ ಕಡೆ ಕೀವುಗುಳ್ಳೆ ಎದ್ದರೆ ಸೋಂಕಿರಬಹುದು. ಎರಡಕ್ಕೂ ಡಾಕ್ಟರಿಗೆ ತೋರಿಸಿ. ಮೆಡಿಕಲ್ ಶಾಪಲ್ಲಿ ಸುಮ್ನೆ ಕೇಳಿ ತರುವ ಟ್ಯೂಬಲ್ಲಿ ಸ್ಟೀರಾಯ್ಡ್ ಇದ್ದರೆ ಹುಳುಕಡ್ಡಿ ಮೊದಲು ಮಾಯವಾದಂತೆ ಕಂಡು, ಆಮೇಲೆ ಇನ್ನೂ ಜಾಸ್ತಿ ಹಬ್ಬುತ್ತದೆ.