27ರಿಂದ 7ರವರೆಗೆ: ಹನ್ನೊಂದೋ, ಹನ್ನೆರಡೋ?

2025ರ ದೀಪಾವಳಿ ಮುಗಿದ ಮೇಲೆ ಅಮ್ಮನನ್ನು ಕಾಶಿಗೆ ಕರೆದುಕೊಂಡು ಹೋಗಬೇಕಿತ್ತು. ನಾನು ಬೆಂಗಳೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ರಜೆ ಅರ್ಜಿಯಲ್ಲಿ ಹೀಗೆ ಬರೆದೆ: "ದಿನಾಂಕ 27-10-2025ರಿಂದ 07-11-2025ರವರೆಗೆ ಒಟ್ಟು 11 ದಿನಗಳ ಗಳಿಕೆ ರಜೆ." ಮಧ್ಯಾಹ್ನದ ಹೊತ್ತಿಗೆ ಅರ್ಜಿ ವಾಪಸ್ ಬಂತು. 11ರ ಸುತ್ತ ಪೆನ್ಸಿಲ್‌ನಲ್ಲಿ ಒಂದು ಸುತ್ತು ಹಾಕಿತ್ತು.

ಸಿಬ್ಬಂದಿ ವಿಭಾಗದ ಮೇಡಂ ಹತ್ತಿರ ಹೋಗಿ ಕೇಳಿದೆ. "ಹನ್ನೆರಡಾಗತ್ತೆ ಸರ್, ಎಣಿಸಿ ನೋಡಿ" ಅಂದರು. ನಾನು ಎಕ್ಸೆಲ್‌ನಲ್ಲಿ ಲೆಕ್ಕ ಹಾಕಿದ್ದೆ. ಅದು 11 ಅಂತಲೇ ತೋರಿಸಿತ್ತು. ಮೇಡಂ ಗೋಡೆಯ ಕ್ಯಾಲೆಂಡರ್ ಮೇಲೆ ಬೆರಳಿಟ್ಟು ಎಣಿಸಿದರು. ಹನ್ನೆರಡು. ಅವರದ್ದೇ ಸರಿ. ಅವತ್ತಿನಿಂದ ನಾನು ಪ್ರತಿ ರಜೆ ಅರ್ಜಿಯನ್ನೂ ನಾಲ್ಕು ರೀತಿಯಲ್ಲಿ ಎಣಿಸಿ ನೋಡಿದೆ. ಯಾವುದು ಎಲ್ಲಿ ಕೈ ಕೊಡುತ್ತದೆ ಅಂತ ಈಗ ಸ್ಪಷ್ಟವಾಗಿದೆ. ನಾಲ್ಕಕ್ಕೂ ಇದೇ 27ರಿಂದ 7ರ ಉದಾಹರಣೆಯನ್ನೇ ಇಟ್ಟುಕೊಳ್ಳುತ್ತೇನೆ.

ಮೊದಲು ಕ್ಯಾಲೆಂಡರ್. ಸುಮ್ನೆ ಬೆರಳಿಟ್ಟು ಎಣಿಸುವಾಗ ಮಧ್ಯೆ ಫೋನ್ ಬಂದರೆ ಲೆಕ್ಕ ತಪ್ಪುತ್ತದೆ. ಅದಕ್ಕೆ ತಿಂಗಳು ತಿಂಗಳಾಗಿ ಒಡೆಯುವುದು ಒಳ್ಳೆಯದು. ಅಕ್ಟೋಬರ್ 27, 28, 29, 30, 31, ಐದು ದಿನ. ನವೆಂಬರ್ 1ರಿಂದ 7, ಏಳು ದಿನ. ಒಟ್ಟು 12. ಇಲ್ಲಿ ಒಂದು ಅನುಕೂಲ ಇದೆ. ಎರಡನೇ ತಿಂಗಳು 1ರಿಂದಲೇ ಶುರುವಾಗುವುದರಿಂದ ಕೊನೆಯ ತಾರೀಖೇ ಆ ತಿಂಗಳ ದಿನಗಳ ಸಂಖ್ಯೆ. ತಪ್ಪಾಗುವುದು ಮೊದಲ ತಿಂಗಳಲ್ಲಿ ಮಾತ್ರ. 31ರಲ್ಲಿ 27 ಕಳೆದು "ನಾಲ್ಕು" ಅಂದುಬಿಡುತ್ತೇವೆ. 27ನೇ ತಾರೀಖೂ ರಜೆಯೇ ಅಲ್ವಾ? ಅದಕ್ಕೇ ಅದು ಐದು.

ಕೈ ಮುಂದೆ ಚಾಚಿ ನೋಡಿದರೆ ಇದು ಕಾಣುತ್ತದೆ. ಬೆರಳು ಐದು, ಸಂದು ನಾಲ್ಕು. ಕಳೆಯುವ ಲೆಕ್ಕ ಸಂದುಗಳನ್ನು ಎಣಿಸುತ್ತದೆ. ರಜೆಯ ಲೆಕ್ಕಕ್ಕೆ ಬೇಕಾಗಿರುವುದು ಬೆರಳುಗಳು. ನಮ್ಮ ಮಾತಿನಲ್ಲೂ ಬೆರಳಿನ ಲೆಕ್ಕ ಇದೆ. ಒಂದು ವಾರ ಬಿಟ್ಟು ಬಾ ಅನ್ನುವುದಕ್ಕೆ ನಾವು "ಎಂಟು ದಿನ ಬಿಟ್ಟು ಬಾ" ಅನ್ನುತ್ತೇವೆ. ಈ ಸೋಮವಾರವನ್ನೂ ಬರುವ ಸೋಮವಾರವನ್ನೂ ಸೇರಿಸಿ ಎಣಿಸಿದರೆ ಎಂಟೇ ಆಗುತ್ತದೆ. ಎರಡು ವಾರಕ್ಕೆ "ಹದಿನೈದು ದಿನ" ಅನ್ನುವುದೂ ಹಾಗೆಯೇ.

ಎರಡನೆಯದು ನನ್ನನ್ನು ದಾರಿ ತಪ್ಪಿಸಿದ ಎಕ್ಸೆಲ್. A2ರಲ್ಲಿ ಮೊದಲ ದಿನ, B2ರಲ್ಲಿ ಕೊನೆಯ ದಿನ ಇಟ್ಟು ನಾನು ಬರೆದದ್ದು ಇದು:

```
=B2-A2
```

ಉತ್ತರ 11. ಎಕ್ಸೆಲ್ ತಪ್ಪು ಮಾಡಿಲ್ಲ. 27ರಿಂದ 7ಕ್ಕೆ ಎಷ್ಟು ಸಲ ತಾರೀಖು ಬದಲಾಯಿತು ಅಂತ ನಾನು ಕೇಳಿದೆ, ಅದು ಹೇಳಿತು. `DAYS` ಬಳಸಿದರೂ `DATEDIF` ಬಳಸಿದರೂ ಅದೇ 11. ರಜೆಗೆ ಬೇಕಾದದ್ದು ಇದು:

```
=B2-A2+1
```

ಈಗ 12 ಬರುತ್ತದೆ. ಉತ್ತರದ ಕೋಶಕ್ಕೆ ಮೊದಲೇ ದಿನಾಂಕದ ಫಾರ್ಮ್ಯಾಟ್ ಹಾಕಿದ್ದರೆ 12ರ ಬದಲು 12-01-1900 ಅಂತ ಕಾಣಬಹುದು. ಗಾಬರಿಯಾಗಬೇಡಿ. ಫಾರ್ಮ್ಯಾಟ್ ಅನ್ನು General ಮಾಡಿದರೆ ಸಾಕು.

ಇದಕ್ಕಿಂತ ಕೆಟ್ಟ ತೊಂದರೆ ಇನ್ನೊಂದಿದೆ. ನಮ್ಮ ಕಚೇರಿಯ ಒಂದು ಕಂಪ್ಯೂಟರ್ ಅಮೆರಿಕದ ಪದ್ಧತಿಯಲ್ಲಿ ತಿಂಗಳನ್ನು ಮೊದಲು ಓದುತ್ತದೆ. ಅದರಲ್ಲಿ 27/10/2025 ಅಂತ ಹೊಡೆದರೆ 27ನೇ ತಿಂಗಳು ಇಲ್ಲವಲ್ಲ, ಹಾಗಾಗಿ ಅದನ್ನು ಬರೀ ಅಕ್ಷರ ಅಂದುಕೊಂಡು ಎಡಕ್ಕೆ ಅಂಟಿಸುತ್ತದೆ. ಕಳೆದರೆ `#VALUE!` ಬರುತ್ತದೆ, ತಪ್ಪು ಕಣ್ಣಿಗೆ ಬೀಳುತ್ತದೆ. ಆದರೆ 03/11/2025ರಿಂದ 07/11/2025 ಅಂತ ಹೊಡೆದರೆ ಅದು ಮಾರ್ಚ್ 11ರಿಂದ ಜುಲೈ 11 ಅಂತ ಓದಿಕೊಳ್ಳುತ್ತದೆ. ಐದು ದಿನದ ರಜೆಗೆ 123 ಅಂತ ಉತ್ತರ. ಇಷ್ಟು ದೊಡ್ಡ ತಪ್ಪಾದರೆ ಯಾರಿಗಾದರೂ ಗೊತ್ತಾಗುತ್ತದೆ, ನಿಜ. ಆದರೂ ನಾನು ಈಗ 2025-11-07 ಅಂತ ವರ್ಷ ಮೊದಲು ಹಾಕಿಯೇ ಹೊಡೆಯುತ್ತೇನೆ. ಹಾಗೆ ಬರೆದರೆ ಎರಡು ಅರ್ಥಕ್ಕೆ ಜಾಗ ಇರುವುದಿಲ್ಲ.

ಮೂರನೆಯದು ಎಕ್ಸೆಲ್‌ನದೇ `NETWORKDAYS`. ಇದು ಮೊದಲ ದಿನ, ಕೊನೆಯ ದಿನ ಎರಡನ್ನೂ ಸೇರಿಸಿಕೊಳ್ಳುತ್ತದೆ. +1 ಬೇಡ. ಆದರೆ ಎಲ್ಲ ಶನಿವಾರ, ಎಲ್ಲ ಭಾನುವಾರ ಬಿಟ್ಟುಬಿಡುತ್ತದೆ. ನನ್ನ ಉದಾಹರಣೆಗೆ 10 ಅಂದಿತು. ನಮಗೆ ಎರಡನೇ ಶನಿವಾರ ರಜೆ, 2019ರಿಂದ ನಾಲ್ಕನೇ ಶನಿವಾರವೂ ರಜೆ, ಉಳಿದ ಶನಿವಾರ ಕೆಲಸ. ಅದಕ್ಕೆ ಭಾನುವಾರ ಮಾತ್ರ ಬಿಡುವ ಇನ್ನೊಂದು ರೂಪ ಇದೆ. ಅದರಲ್ಲಿ 11 ಅನ್ನುವ ಸಂಖ್ಯೆಗೆ "ಭಾನುವಾರ ಮಾತ್ರ ವಾರದ ರಜೆ" ಅಂತ ಅರ್ಥ:

```
=NETWORKDAYS.INTL(A2,B2,11,F2:F20)
```

F ಕಾಲಂನಲ್ಲಿ ಸರ್ಕಾರಿ ರಜೆಗಳ ಜೊತೆಗೆ ಎರಡನೇ, ನಾಲ್ಕನೇ ಶನಿವಾರಗಳ ತಾರೀಖನ್ನೂ ನಾವೇ ತುಂಬಬೇಕು. ಮೊದಲ ಸಲ ನಾನು ಆ ಪಟ್ಟಿ ಹಾಕದೆ ಓಡಿಸಿದೆ. 11 ಬಂತು. ನನ್ನ ಹಳೆಯ ತಪ್ಪು ಉತ್ತರವೇ! ಒಂದು ಕ್ಷಣ ನಾನು ಬರೆದದ್ದೇ ಸರಿ ಇತ್ತೇನೋ ಅನ್ನಿಸಿಬಿಟ್ಟಿತು. ಆದರೆ ಈ 11 ಬೇರೆ. ಅಲ್ಲಿ ಮೊದಲ ದಿನ ಬಿಟ್ಟುಹೋಗಿತ್ತು. ಇಲ್ಲಿ ನವೆಂಬರ್ 2ರ ಭಾನುವಾರ ಬಿಟ್ಟುಹೋಗಿದೆ. ರಾಜ್ಯೋತ್ಸವದ ನವೆಂಬರ್ 1 ಅನ್ನು ಪಟ್ಟಿಗೆ ಸೇರಿಸಿದ ಮೇಲೆ 10 ಆಯಿತು. ಎರಡು ಸಾಧನ ಒಂದೇ ಸಂಖ್ಯೆ ಕೊಟ್ಟಿತು ಅಂತ ನಂಬಬಾರದು. ಯಾವ ದಿನ ಬಿಟ್ಟಿತು ಅಂತ ನೋಡಬೇಕು.

ಹಾಗಾದರೆ 12 ಸರಿಯೋ 10 ಸರಿಯೋ? ಅದು ಯಾವ ರಜೆ ಅನ್ನುವುದರ ಮೇಲೆ ನಿಂತಿದೆ. ನಮ್ಮಲ್ಲಿ ಗಳಿಕೆ ರಜೆಯ ಮಧ್ಯೆ ಬರುವ ಭಾನುವಾರ, ಹಬ್ಬ ಎಲ್ಲವೂ ರಜೆಯ ಲೆಕ್ಕಕ್ಕೇ ಸೇರುತ್ತವೆ. ಹಾಗಾಗಿ 12. ಸಾಂದರ್ಭಿಕ ರಜೆಯ, ಅಂದರೆ ಸಿಎಲ್‌ನ, ಮಧ್ಯೆ ಬರುವ ರಜಾ ದಿನಗಳು ಸೇರುವುದಿಲ್ಲ. ಅಕ್ಟೋಬರ್ 31ರ ಶುಕ್ರವಾರ ಮತ್ತು ನವೆಂಬರ್ 3ರ ಸೋಮವಾರ ಸಿಎಲ್ ಹಾಕಿದರೆ ಖರ್ಚಾಗುವುದು ಎರಡೇ. ಅದೇ ನವೆಂಬರ್ 14ರ ಶುಕ್ರವಾರದಿಂದ 17ರ ಸೋಮವಾರದವರೆಗೆ ಹಾಕಿದರೆ ಮೂರು. 15 ಮೂರನೇ ಶನಿವಾರ, ಕೆಲಸದ ದಿನ. ಬರೀ `NETWORKDAYS` ಇಲ್ಲೂ ಎರಡು ಅನ್ನುತ್ತದೆ, `NETWORKDAYS.INTL` ಮೂರು ಅನ್ನುತ್ತದೆ. ಸಿಎಲ್ ಲೆಕ್ಕಕ್ಕೆ ನನ್ನ ಮತ ಇದಕ್ಕೇ. ಖಾಸಗಿ ಕಂಪನಿಗಳಲ್ಲಿ ನಿಯಮ ಒಂದೊಂದು ಕಡೆ ಒಂದೊಂದು ಥರ. ಕೆಲವು ಕಡೆ ಮಧ್ಯದ ಶನಿವಾರ, ಭಾನುವಾರವನ್ನೂ ಸೇರಿಸಿ "ಸ್ಯಾಂಡ್‌ವಿಚ್" ಅನ್ನುತ್ತಾರೆ. ಅಲ್ಲಿ +1 ಲೆಕ್ಕವೇ ಬೇಕು.

ನಾಲ್ಕನೆಯದು ಎರಡು ತಾರೀಖು ಕೊಟ್ಟರೆ ದಿನ ಹೇಳುವ ವೆಬ್‌ಸೈಟುಗಳು. ಫೋನಿನಲ್ಲೇ ಆಗುತ್ತದೆ, ತಿಂಗಳನ್ನು ಹೆಸರಿನಿಂದ ಆರಿಸುವ ಕಡೆ ತಾರೀಖಿನ ಗೊಂದಲವೂ ಇಲ್ಲ. ಆದರೆ ನಾನು ನೋಡಿದವು ಏನೂ ಮುಟ್ಟದಿದ್ದರೆ 11 ಅನ್ನುತ್ತವೆ. ಕೆಳಗೆ "Include end date" ಅನ್ನುವ ಪುಟ್ಟ ಚೌಕ ಇರುತ್ತದೆ. ಅದಕ್ಕೆ ಟಿಕ್ ಹಾಕಿದರೆ 12.

ಯಾವ ಸಾಧನವೇ ಇರಲಿ, ಅದು ಬೆರಳು ಎಣಿಸುತ್ತದೋ ಸಂದು ಎಣಿಸುತ್ತದೋ ಅಂತ ತಿಳಿಯಲು ನಾನು ಒಂದೇ ಪರೀಕ್ಷೆ ಮಾಡುತ್ತೇನೆ. ಒಂದು ದಿನದ ರಜೆ ಕೊಟ್ಟು ನೋಡುತ್ತೇನೆ. ಎರಡೂ ಕಡೆ 27-10-2025, ಅದು ಸೋಮವಾರ. 0 ಬಂದರೆ 1 ಸೇರಿಸಬೇಕು. 1 ಬಂದರೆ ಸೇರಿಸಬಾರದು. ಈ ಪರೀಕ್ಷೆಗೆ ಕೆಲಸದ ದಿನವನ್ನೇ ಕೊಡಬೇಕು. ಭಾನುವಾರ ಕೊಟ್ಟರೆ `NETWORKDAYS` ಕೂಡ 0 ಅನ್ನುತ್ತದೆ.

ಇನ್ನು ಅರ್ಜಿಯಲ್ಲಿ ಕೊನೆಯ ದಿನ ಯಾವುದು ಬರೆಯಬೇಕು ಅನ್ನುವುದು. ಇಲ್ಲಿ ಯಾವ ಸಾಧನವೂ ನಮ್ಮನ್ನು ಕಾಪಾಡುವುದಿಲ್ಲ. ಅದಕ್ಕೇ ಇದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ನಾನು ಕೆಲಸಕ್ಕೆ ಹಾಜರಾಗುವುದು ನವೆಂಬರ್ 10ರ ಸೋಮವಾರ. "10ಕ್ಕೆ ಬರುತ್ತೇನೆ" ಅನ್ನುವ ಯೋಚನೆಯಲ್ಲಿ ಎಷ್ಟೋ ಜನ "10ರವರೆಗೆ" ಅಂತ ಬರೆದುಬಿಡುತ್ತಾರೆ. "ರವರೆಗೆ" ಅಂದರೆ ಆ ದಿನವೂ ಸೇರಿತು. ಆಗ 10ನೇ ತಾರೀಖು ರಜೆಯಾಗುತ್ತದೆ. ಅಷ್ಟೇ ಅಲ್ಲ, 8ರ ಎರಡನೇ ಶನಿವಾರ, 9ರ ಭಾನುವಾರ ಎರಡೂ ರಜೆಯ ಮಧ್ಯಕ್ಕೆ ಬಂದುಬಿಡುತ್ತವೆ. ಲೆಕ್ಕ 5 ಮತ್ತು 10, ಒಟ್ಟು 15. ಒಂದು ತಾರೀಖು ತಪ್ಪು ಬರೆದದ್ದಕ್ಕೆ ಖಾತೆಯಿಂದ ಮೂರು ದಿನ ಹೋಗುತ್ತದೆ.

7ರವರೆಗೆ ಅಂತ ಬರೆದರೆ 8 ಮತ್ತು 9 ರಜೆಯ ಹೊರಗೆ ಉಳಿಯುತ್ತವೆ. ರಜೆ ಶುರುವಾಗುವ ತುದಿಯೂ ಹಾಗೆಯೇ. ಅಕ್ಟೋಬರ್ 25 ನಾಲ್ಕನೇ ಶನಿವಾರ, 26 ಭಾನುವಾರ. ಅವುಗಳನ್ನು ಬಳಸಿಕೊಳ್ಳಲು ಅರ್ಜಿಯಲ್ಲೇ ಅನುಮತಿ ಕೇಳಬೇಕು. ಮೇಡಂ ಅವತ್ತು ಒಂದು ಹಳೆಯ ಅರ್ಜಿ ತೆಗೆದು ತೋರಿಸಿದರು. "ಇದನ್ನು ಬಿಡಬೇಡಿ ಸರ್, ಊರಿಂದ ಹೊರಗೆ ಹೋಗ್ತಿದ್ದೀರಲ್ಲ" ಅಂದರು. ಅದನ್ನೇ ನೋಡಿಕೊಂಡು ಹೊಸ ಹಾಳೆಯಲ್ಲಿ ಬರೆದೆ:

"ದಿನಾಂಕ 27-10-2025ರಿಂದ 07-11-2025ರವರೆಗೆ (ಎರಡೂ ದಿನಗಳು ಸೇರಿ) ಒಟ್ಟು 12 ದಿನಗಳ ಗಳಿಕೆ ರಜೆಯನ್ನು ಮಂಜೂರು ಮಾಡಿ, ರಜೆಯ ಹಿಂದಿನ 25 ಮತ್ತು 26-10-2025 ಹಾಗೂ ಮುಂದಿನ 08 ಮತ್ತು 09-11-2025ರ ಸಾರ್ವತ್ರಿಕ ರಜೆಗಳನ್ನು ಬಳಸಿಕೊಳ್ಳಲು ಮತ್ತು ಕೇಂದ್ರಸ್ಥಾನ ಬಿಡಲು ಅನುಮತಿ ನೀಡಬೇಕೆಂದು ಕೋರುತ್ತೇನೆ. 10-11-2025ರಂದು ಕರ್ತವ್ಯಕ್ಕೆ ಹಾಜರಾಗುತ್ತೇನೆ."

ಆವರಣದಲ್ಲಿರುವ ಆ ಮೂರು ಪದಗಳನ್ನು ನಾನೇ ಸೇರಿಸಿದೆ. ಮೇಡಂ ಓದಿ, ಹನ್ನೆರಡರ ಪಕ್ಕ ಸಣ್ಣದೊಂದು ಟಿಕ್ ಹಾಕಿ, ಫೈಲಿನೊಳಗೆ ಇಟ್ಟರು. ಹನ್ನೆರಡು ದಿನದ ರಜೆಗೆ ಅಮ್ಮನ ಜೊತೆ ಹದಿನಾರು ದಿನ ಸಿಕ್ಕಿತು.