ಕ್ಯಾಟಲಾಗ್‌ಗೆಂದು ಚಿತ್ರದ ಫೋಟೊ ಕೇಳಿದರೆ ಕೊಡುವ ಮುನ್ನ ಇದನ್ನು ಓದಿ

ನಾನು ಸಾಗರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಹಸೆ ಚಿತ್ತಾರ ಬರೆಯುವವನು. ಇದು ಹೆಚ್ಚಾಗಿ ಹೆಂಗಸರ ಕೈಯ ವಿದ್ಯೆ. ನನಗೆ ಕಲಿಸಿದವಳು ಅವ್ವ. ಕೆಮ್ಮಣ್ಣಿನ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ಸೀಯುವಂತೆ ಹುರಿದ ಅಕ್ಕಿಯ ಕಪ್ಪು, ಪುಂಡಿ ನಾರಿನ ಕುಂಚ. ಅವ್ವ ಎಡಗೈಯವಳು, ಅವಳು ಬರೆದ ತೆನೆಗಳೆಲ್ಲ ಎಡಕ್ಕೆ ಬಾಗುತ್ತಿದ್ದವು. ನನ್ನದು ಬಲಗೈ. ಆದರೂ ಅವಳನ್ನು ನೋಡಿ ಕಲಿತದ್ದರಿಂದ ನನ್ನ ತೆನೆಗಳೂ ಎಡಕ್ಕೇ ಬಾಗುತ್ತವೆ.

ಹೋದ ವರ್ಷ ಒಬ್ಬರು ಫೋನ್ ಮಾಡಿ, ಕ್ಯಾಟಲಾಗ್‌ಗೆ ನಲವತ್ತು ಚಿತ್ರಗಳ ಫೋಟೊ ಬೇಕೆಂದರು. ಚೌಕಟ್ಟು ಕಾಣಬಾರದು, ನೆರಳು ಬೀಳಬಾರದು, ಪ್ರತಿ ಚಿತ್ರದಲ್ಲಿ ಏನಿದೆಯೆಂದು ಒಂದು ಸಾಲು ಬರೆದು ಕೊಡಬೇಕು. ಎರಡು ಸಾವಿರ ರೂಪಾಯಿಯನ್ನೂ ಕಳುಹಿಸಿದರು. ಚಿತ್ರದ ಅಳತೆ ಎಷ್ಟು, ಬೆಲೆ ಎಷ್ಟು ಎಂದು ಮಾತ್ರ ಒಮ್ಮೆಯೂ ಕೇಳಲಿಲ್ಲ. ಮಾರುವುದಕ್ಕೆ ಕ್ಯಾಟಲಾಗ್ ಮಾಡುವವರು ಮೊದಲು ಕೇಳಬೇಕಾದದ್ದು ಅದನ್ನೇ. ನನಗೆ ಆಗ ಹೊಳೆಯಲಿಲ್ಲ.

ಆರು ತಿಂಗಳಾದ ಮೇಲೆ ತಮ್ಮನ ಮಗಳು ಶಿವಮೊಗ್ಗದಿಂದ ಚೌಕಟ್ಟು ಹಾಕಿದ ಮುದ್ರಿತ ಚಿತ್ರವೊಂದನ್ನು ತಂದು, ‘ದೊಡ್ಡಪ್ಪ, ನಿಮ್ಮದು ಅಂಗಡಿಗೂ ಬಂದಿದೆ’ ಎಂದಳು. ಅದನ್ನು ನಾನು ಬರೆದಿರಲಿಲ್ಲ. ಆದರೆ ತೆನೆಗಳು ಎಡಕ್ಕೆ ಬಾಗಿದ್ದವು. ಬಹಳ ಹೊತ್ತು ನನಗೆ ಮಾತೇ ಹೊರಡಲಿಲ್ಲ.

ಕಂಪ್ಯೂಟರ್ ಕಲಿತ ಅವಳ ಗೆಳೆಯನೊಬ್ಬ ವಿವರಿಸಿದ: ಚಿತ್ರ ಬರೆಯುವ ಯಂತ್ರ ಮೊದಲೇ ಕೋಟ್ಯಂತರ ಚಿತ್ರಗಳಿಂದ ಕಲಿತಿರುತ್ತದೆ. ಅದಕ್ಕೆ ಒಬ್ಬನ ಶೈಲಿಯನ್ನು ಹತ್ತಿಸಲು ಇಪ್ಪತ್ತು ಮೂವತ್ತು ಸ್ಪಷ್ಟ ಚಿತ್ರ, ಪ್ರತಿಯೊಂದಕ್ಕೂ ಒಂದು ಸಾಲಿನ ವಿವರಣೆ ಇದ್ದರೆ ಸಾಕು. ಆ ಒಂದೊಂದು ಸಾಲನ್ನೂ ನಾನೇ ಕೂತು ಬರೆದು ಕೊಟ್ಟಿದ್ದೆ.

ಯಂತ್ರದ್ದೆಂದು ಗುರುತಿಸಬಹುದು, ಸದ್ಯಕ್ಕೆ. ಅಂಚಿನ ಎಳೆಗಳನ್ನು ಬೆರಳಿಟ್ಟು ಎಣಿಸಿ. ನಾನು ಮೂರೆಳೆ ಹಿಡಿದರೆ ಮೂಲೆ ತಿರುಗಿದ ಮೇಲೂ ಮೂರೇ ಇರುತ್ತವೆ. ಆ ಚಿತ್ರದಲ್ಲಿ ಮೂರು ಎಳೆ ಮೂಲೆಯಲ್ಲಿ ಕಲೆತು ಎರಡಾಗಿ ಹೊರಬಂದಿದ್ದವು. ನಾರಿನ ಕುಂಚ ಒಣಗುತ್ತ ಬಂದಾಗ ಎಳೆ ತೆಳುವಾಗಿ ಸೀಳುತ್ತದೆ, ಅದ್ದಿದ ಕೂಡಲೇ ದಪ್ಪವಾಗುತ್ತದೆ. ಅದರಲ್ಲಿ ಆ ಏರಿಳಿತಕ್ಕೆ ಕ್ರಮವೇ ಇರಲಿಲ್ಲ.

ವಕೀಲರ ಬಳಿ ಹೋದೆ. 1957ರ ಕೃತಿಸ್ವಾಮ್ಯ ಕಾಯ್ದೆ ಬರೆದ ಚಿತ್ರವನ್ನು ಕಾಯುತ್ತದೆ, ಬರೆಯುವ ಶೈಲಿಯನ್ನಲ್ಲ ಎಂದರು. ಅಂಗಡಿಯ ಚಿತ್ರ ನನ್ನ ಯಾವ ಚಿತ್ರದ ನಕಲೂ ಅಲ್ಲ. ಫೋಟೊಗಳನ್ನು ಯಾವುದಕ್ಕೆ ಬಳಸಬೇಕೆಂಬ ಒಪ್ಪಂದವಾದರೂ ಇದ್ದಿದ್ದರೆ ಹಿಡಿಯಲು ಒಂದು ಎಳೆ ಸಿಗುತ್ತಿತ್ತು. ನನ್ನ ಬಳಿ ಒಂದು ಚೀಟಿಯೂ ಇರಲಿಲ್ಲ.

ಆದ್ದರಿಂದ ಫೋಟೊ ಕೇಳಿದವರಿಗೆ ಮೊದಲು ಪತ್ರ ಕೊಡಿ: ಯಾವ ಪುಸ್ತಕಕ್ಕೆ, ಎಷ್ಟು ಪ್ರತಿ, ಯಂತ್ರಕ್ಕೆ ಕಲಿಸಲು ಬಳಸುವಂತಿಲ್ಲ ಎಂದು ಬರೆದು ಸಹಿ ಕೇಳಿ. ಸಹಿಯಾಗುವವರೆಗೆ ಸಣ್ಣ ಗಾತ್ರದ ಎರಡು ಮೂರು ಫೋಟೊ ಸಾಕು, ಅವೂ ಓರೆಯಾಗಿ, ಗೋಡೆ ಕಾಣುವಂತೆ ತೆಗೆದವು. ಕಳೆದ ತಿಂಗಳು ಇನ್ನೊಬ್ಬರು ಮೂವತ್ತು ಚಿತ್ರ ಕೇಳಿದರು. ಪತ್ರ ಕಳುಹಿಸಿದೆ. ಮತ್ತೆ ಅವರಿಂದ ಫೋನ್ ಬರಲಿಲ್ಲ.